ನಿಷೇಧಾಜ್ಞೆ, ಮುಂಜಾಗ್ರತಾ ಬಂಧನ, ಸಂಜೆ ಸಹಿ ಕೇಳುವ ಆ ಹಾಳೆ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಲೂಕು ಕಚೇರಿ ಮುಂದೆ ನಿವೇಶನ ಕೇಳಲು ಕೂತವರು, ಕಾಡಾನೆ ಹಾವಳಿಗೆ ರಸ್ತೆ ತಡೆದವರು, ಮಡಿಕೇರಿಯ ಜನರಲ್ ತಿಮ್ಮಯ್ಯ ಸರ್ಕಲ್‌ನಲ್ಲಿ ಘೋಷಣೆ ಕೂಗಿದವರು, ಎಲ್ಲರೂ ಕೊನೆಗೆ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಬೆಳಿಗ್ಗೆ ಬಸ್ಸಿಗೆ ಹತ್ತಿಸಿ ಸಂಜೆ ಬಿಡುವ ಬಂಧನದ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ. ಕೊಡಗಿನಲ್ಲಿ ಹೆಚ್ಚಾಗಿ ನಡೆಯುವುದು ಅದು, ಕಾಗದಪತ್ರ ತೀರಾ ಕಡಿಮೆ ಇರುವುದೂ ಅದರಲ್ಲೇ.

144 ಸೆಕ್ಷನ್ ಈಗಲೂ ಇದೆಯಾ?

ಹೆಸರು ಉಳಿದಿದೆ, ನಂಬರು ಬದಲಾಗಿದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರಲ್ಲಿ ನಿಷೇಧಾಜ್ಞೆ 163ನೇ ಕಲಂ. ಮುಂಜಾಗ್ರತಾ ಬಂಧನಕ್ಕೆ ಮೊದಲು 151 ಇತ್ತು, ಈಗ 170. ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳುವ 107 ಈಗ 126 ಆಗಿದೆ. ಮಾತಿನಲ್ಲಿ ಎಲ್ಲರೂ ಇನ್ನೂ 144 ಎಂದೇ ಹೇಳುತ್ತಾರೆ, ಅದರಿಂದ ತೊಂದರೆ ಇಲ್ಲ. ನಿಮ್ಮ ಕೈಗೆ ಬಂದ ಕಾಗದದಲ್ಲಿ ಮಾತ್ರ ನಂಬರು ನೋಡಿ, ಮುಂದಿನ ಪ್ರಶ್ನೆಗಳೆಲ್ಲ ಅದರ ಮೇಲೆ ನಿಂತಿವೆ.

ಕೊಡಗಿನಲ್ಲಿ ನಿಷೇಧಾಜ್ಞೆ ಹೊರಡಿಸುವವರು ಯಾರು? ಇನ್ಸ್‌ಪೆಕ್ಟರ್ ಬಾಯಲ್ಲಿ ಹೇಳಿದರೆ ಸಾಕಾ?

ಸಾಲದು. ಬೆಂಗಳೂರು, ಮೈಸೂರಿನಂಥ ಕಡೆ ಪೊಲೀಸ್ ಕಮಿಷನರ್‌ಗೆ ಈ ಅಧಿಕಾರ ಇದೆ. ನಮ್ಮಲ್ಲಿ ಕಮಿಷನರೇಟ್ ಇಲ್ಲ. ಜಿಲ್ಲಾಧಿಕಾರಿ ಜಿಲ್ಲಾ ದಂಡಾಧಿಕಾರಿಯಾಗಿ, ಉಪವಿಭಾಗಾಧಿಕಾರಿ ಉಪವಿಭಾಗದ ದಂಡಾಧಿಕಾರಿಯಾಗಿ ಆದೇಶ ಮಾಡಬಹುದು. ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟಿದ್ದರೆ ಬೇರೆ ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಮಾಡಬಹುದು. ಪೊಲೀಸರು ವರದಿ ಕೊಡುತ್ತಾರೆ, ಆದೇಶ ಜಾರಿ ಮಾಡುತ್ತಾರೆ. ಆದೇಶ ಅವರದ್ದಲ್ಲ.

ಆದೇಶ ಬರಹದಲ್ಲೇ ಇರಬೇಕು. ಯಾವ ಸಂಗತಿಯ ಆಧಾರದ ಮೇಲೆ ಮಾಡಿದ್ದು ಎಂಬುದು ಅದರಲ್ಲಿರಬೇಕು. ಒಮ್ಮೆ ಮಾಡಿದ ಆದೇಶ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲದು, ರಾಜ್ಯ ಸರ್ಕಾರ ಬೇಕಾದರೆ ಇನ್ನು ಆರು ತಿಂಗಳವರೆಗೆ ವಿಸ್ತರಿಸಬಹುದು. 2022ರ ಆಗಸ್ಟ್ ನಿಮಗೆ ನೆನಪಿರಬಹುದು. ಸಿದ್ದರಾಮಯ್ಯನವರ ಕಾರಿನ ಮೇಲೆ ಮೊಟ್ಟೆ ಎಸೆದ ಪ್ರಕರಣದ ಬೆನ್ನಲ್ಲೇ ಕಾಂಗ್ರೆಸ್ ಆಗಸ್ಟ್ 26ಕ್ಕೆ ಮಡಿಕೇರಿ ಚಲೋ ಕರೆ ಕೊಟ್ಟಿತು, ಬಿಜೆಪಿಯೂ ಸಮಾವೇಶ ಘೋಷಿಸಿತು. ಜಿಲ್ಲಾಡಳಿತ 24ರಿಂದ 27ರವರೆಗೆ ಜಿಲ್ಲೆಯಲ್ಲಿ ನಿಷೇಧಾಜ್ಞೆ ಹಾಕಿತು, ಎರಡೂ ಪಕ್ಷಗಳು ಕಾರ್ಯಕ್ರಮ ಕೈಬಿಟ್ಟವು. ಆ ಆದೇಶಕ್ಕೆ ದಿನಾಂಕ ಗೊತ್ತಿತ್ತು, ಸಂದರ್ಭ ಗೊತ್ತಿತ್ತು. ನಿಮ್ಮ ಕೈಯಲ್ಲಿರುವ ಆದೇಶದಲ್ಲೂ ಮೊದಲು ಹುಡುಕಬೇಕಾದದ್ದು ಇವನ್ನೇ: ಎಂದಿನಿಂದ ಎಂದಿನವರೆಗೆ, ಯಾವ ಸ್ಥಳದಲ್ಲಿ, ಏನು ಮಾಡಬಾರದು, ಯಾಕೆ.

ಕಾರಣ ಬರೆಯದ ಆದೇಶವನ್ನು ಕೋರ್ಟ್ ಒಪ್ಪುತ್ತದಾ?

2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಡೆಯುವಾಗ ಬೆಂಗಳೂರಿನಲ್ಲಿ ನಿಷೇಧಾಜ್ಞೆ ಹೇರಿದ್ದರು. ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಸೇರಿ ಹಲವರನ್ನು ವಶಕ್ಕೆ ಪಡೆದರು. ಆ ಆದೇಶ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಅದಕ್ಕೆ ತಿಂಗಳ ಮೊದಲು, ಜನವರಿಯಲ್ಲಿ, ಕಾಶ್ಮೀರದ ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ಬಿಡಿಸಿ ಹೇಳಿತ್ತು. ಆದೇಶದಲ್ಲಿ ಸಂಗತಿಗಳು ಇರಬೇಕು, ಅದನ್ನು ಪ್ರಕಟಿಸಬೇಕು, ನ್ಯಾಯಬದ್ಧವಾದ ಭಿನ್ನಾಭಿಪ್ರಾಯವನ್ನು ಅಡಗಿಸಲು ಬಳಸಬಾರದು, ಒಂದರ ಹಿಂದೆ ಒಂದು ಹೊರಡಿಸುತ್ತಲೇ ಇರಬಾರದು.

ಆದರೆ ಇದನ್ನು ಕೇಳಿ ಬೀದಿಯಲ್ಲಿ ನಿಂತು "ನಿಮ್ಮ ಆದೇಶ ಅಸಿಂಧು" ಎಂದು ವಾದ ಹೂಡಬೇಡಿ. ಕೋರ್ಟು ರದ್ದು ಮಾಡುವವರೆಗೆ ಆದೇಶ ಜಾರಿಯಲ್ಲಿರುತ್ತದೆ. ಅದನ್ನು ಬದಲಿಸಿ ಅಥವಾ ರದ್ದು ಮಾಡಿ ಎಂದು ಹೊರಡಿಸಿದ ಅಧಿಕಾರಿಗೇ ಅರ್ಜಿ ಕೊಡಬಹುದು. ಅವರು ನಿಮ್ಮ ಮಾತು ಬೇಗ ಕೇಳಬೇಕು, ಅರ್ಜಿ ತಳ್ಳಿಹಾಕಿದರೆ ಕಾರಣ ಬರೆಯಬೇಕು. ಈ ಅರ್ಜಿಯನ್ನು ಯಾರೂ ಕೊಡುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ. ಒಂದೇ ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದರೂ, ಮುಂದೆ ಹೈಕೋರ್ಟಿಗೆ ಹೋಗುವಾಗ ಆ ಹಾಳೆ ಕೆಲಸಕ್ಕೆ ಬರುತ್ತದೆ.

ನಮಗೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ನಿಷೇಧಾಜ್ಞೆ ನಮಗೂ ಅನ್ವಯಿಸುತ್ತದಾ?

ಅನ್ವಯಿಸುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವುದು ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ. ಆಯುಧ ಹಿಡಿದು ಓಡಾಡಬಾರದು ಎಂದು ದಂಡಾಧಿಕಾರಿ ಆದೇಶ ಮಾಡಿದರೆ ಅದು ಬೇರೆಯೇ ವಿಷಯ. ಕೈಲ್ ಮುಹೂರ್ತದ ಪೂಜೆಗೆ, ಮದುವೆಗೆ, ಸಾವಿನ ಮನೆಗೆ ಆದೇಶದಲ್ಲಿ ರಿಯಾಯಿತಿ ಇದೆಯೇ ಎಂದು ಓದಿ ನೋಡಿ. ಸ್ಪಷ್ಟವಿಲ್ಲದಿದ್ದರೆ ಮುಂಚೆಯೇ ಬರೆದು ಕೇಳಿ.

ಹಿಂದಿನ ರಾತ್ರಿ ಮನೆಗೆ ಪೊಲೀಸರು ಬಂದು ನೋಟಿಸ್ ಕೊಟ್ಟರು, "ನಾಳೆ ಹೊರಗೆ ಬರಬೇಡಿ" ಎಂದರು.

ಅದು ಸಾಮಾನ್ಯವಾಗಿ 168ನೇ ಕಲಂನ ನೋಟಿಸ್, ಹಿಂದಿನ 149. ಅಪರಾಧ ತಡೆಯುವುದು ಪೊಲೀಸರ ಕರ್ತವ್ಯ ಎನ್ನುವ ಕಲಂ ಅದು. ಎಚ್ಚರಿಕೆ ಎಂದು ಓದಿಕೊಳ್ಳಿ, ಪ್ರತಿ ಇಟ್ಟುಕೊಳ್ಳಿ, ಬಂದ ಹೊತ್ತು ಬರೆದಿಡಿ. ನಿಮ್ಮನ್ನು ಮನೆಯಲ್ಲೇ ಕೂಡಿಹಾಕುವ ಅಧಿಕಾರ ಆ ನೋಟಿಸಿಗೆ ಇಲ್ಲ. ಗೇಟಿನಲ್ಲಿ ಪೇದೆಯನ್ನು ನಿಲ್ಲಿಸಿ ಹೊರಗೆ ಬಿಡದಿದ್ದರೆ ಅದು ಕಾಗದವಿಲ್ಲದ ಬಂಧನ. ಯಾವ ಆದೇಶದ ಮೇಲೆ ತಡೆಯುತ್ತಿದ್ದೀರಿ ಎಂದು ಮರ್ಯಾದೆಯಿಂದ ಕೇಳಿ.

ಏನೂ ತಪ್ಪು ಮಾಡದೆಯೇ ಹೇಗೆ ಬಂಧಿಸುತ್ತಾರೆ?

170ನೇ ಕಲಂ ಇರುವುದೇ ಅದಕ್ಕೆ, ಅಪರಾಧ ನಡೆಯುವ ಮೊದಲೇ ತಡೆಯುವುದಕ್ಕೆ. ಆದರೆ ಎರಡು ಷರತ್ತುಗಳಿವೆ. ಈ ವ್ಯಕ್ತಿ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಮಾಡಲು ಹೊಂಚು ಹಾಕಿದ್ದಾನೆ ಎಂಬುದು ಪೊಲೀಸ್ ಅಧಿಕಾರಿಗೆ ತಿಳಿದಿರಬೇಕು. ಬಂಧಿಸದೆ ಅದನ್ನು ತಡೆಯಲು ಬೇರೆ ದಾರಿ ಇಲ್ಲ ಎಂದೂ ಅವರಿಗೆ ಕಾಣಬೇಕು. ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಸಂವಿಧಾನಬದ್ಧ ಎಂದು ಎತ್ತಿ ಹಿಡಿದದ್ದು ಈ ಎರಡು ಷರತ್ತುಗಳು ಇವೆ ಎಂಬ ಕಾರಣಕ್ಕೇ. "ಇವರು ಸಂಘದ ಮುಖಂಡರು" ಎಂಬುದೊಂದೇ ಕಾರಣ ಆಗದು.

ಒಂದು ಸೂಕ್ಷ್ಮ ಇದೆ, ಮುಚ್ಚಿಡಬಾರದು. ನಿಷೇಧಾಜ್ಞೆ ಮೀರುವುದು ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂನಲ್ಲಿ ಸಂಜ್ಞೇಯ ಅಪರಾಧ. ಹಾಗಾಗಿ ಆಜ್ಞೆ ಜಾರಿಯಲ್ಲಿದ್ದಾಗ ಗುಂಪು ಸೇರಲು ಹೊರಟವರನ್ನು ಪೊಲೀಸರು 170ರಡಿ ಹಿಡಿದರೆ ಅವರ ವಾದಕ್ಕೆ ಸ್ವಲ್ಪ ಬಲ ಇರುತ್ತದೆ. ಆಜ್ಞೆಯೇ ಇಲ್ಲದ ದಿನ, ಶಾಂತವಾಗಿ ಮನವಿ ಕೊಡಲು ಹೊರಟವರನ್ನು ಹಿಡಿದರೆ ಆ ಬಲ ಇರುವುದಿಲ್ಲ.

ಹೊಸ ಸಂಹಿತೆಯಲ್ಲಿ 172 ಎಂಬ ಇನ್ನೊಂದು ಕಲಂ ಬಂದಿದೆ. ಅಪರಾಧ ತಡೆಯುವ ಕರ್ತವ್ಯದಲ್ಲಿ ಪೊಲೀಸರು ಕೊಟ್ಟ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಅಲ್ಲಿಂದ ತೆರವು ಮಾಡಬಹುದು, ತಡೆದಿಡಬಹುದು. ಆಮೇಲೆ ದಂಡಾಧಿಕಾರಿಯ ಮುಂದೆ ಕರೆದೊಯ್ಯಬೇಕು, ಅಥವಾ ಸಣ್ಣ ವಿಷಯವಾದರೆ 24 ಗಂಟೆಯೊಳಗೆ ಆದಷ್ಟು ಬೇಗ ಬಿಡಬೇಕು. ಹಾಗಾಗಿ ಬಸ್ಸಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: "ಸಾರ್, 170ಆ, 172ಆ, ಇಲ್ಲ ಎಫ್‌ಐಆರ್ ಆಗಿದೆಯಾ?"

24 ಗಂಟೆ ಎಲ್ಲಿಂದ ಲೆಕ್ಕ? ಒಂದು ಉದಾಹರಣೆ ಕೊಡಿ.

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ವಿರಾಜಪೇಟೆ ತಾಲೂಕಿನ ಒಂದು ತೋಟದ ಲೈನ್ ಮನೆಗಳಿಂದ ಮೂವತ್ತೆರಡು ಜನ ನಿವೇಶನ ಕೇಳಲು ಬರುತ್ತಾರೆ. ತಾಲೂಕು ಕಚೇರಿ ಸುತ್ತ 200 ಮೀಟರ್ ಒಳಗೆ ಐದು ಜನಕ್ಕಿಂತ ಹೆಚ್ಚು ಸೇರಬಾರದು ಎಂದು ಮೂರು ದಿನದ ಆಜ್ಞೆ ಇದೆ. ಬೆಳಿಗ್ಗೆ 10:20ಕ್ಕೆ ಗೇಟಿನ ಬಳಿ ತಡೆದು ಬಸ್ಸಿಗೆ ಹತ್ತಿಸುತ್ತಾರೆ. ಬಸ್ಸು ಅರ್ಧ ಗಂಟೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ಸಮುದಾಯ ಭವನಕ್ಕೆ ಹೋಗುತ್ತದೆ. ಹೆಸರು, ತಂದೆ ಹೆಸರು, ಊರು ಬರೆದುಕೊಳ್ಳುವಾಗ ಮಧ್ಯಾಹ್ನ 1:15.

ಪುಸ್ತಕದಲ್ಲಿ ಬಂಧನದ ಸಮಯ 1:15 ಎಂದು ಬೀಳುವ ಸಾಧ್ಯತೆ ಇದೆ. ಅದು ತಪ್ಪು. ನಿಮ್ಮಿಷ್ಟಕ್ಕೆ ಎದ್ದು ಹೋಗುವ ಸ್ವಾತಂತ್ರ್ಯ ಯಾವಾಗ ಹೋಯಿತೋ ಆಗಲೇ ಬಂಧನ ಆಯಿತು, ಅಂದರೆ 10:20. ಮರುದಿನ ಬೆಳಿಗ್ಗೆ 10:20ರ ನಂತರ 170ರಡಿ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ. ಅದಕ್ಕೂ ಮೀರಿ ಇಡಬೇಕೆಂದರೆ ಕಾನೂನಿನ ಬೇರೊಂದು ಕಲಂ ಬೇಕು, ದಂಡಾಧಿಕಾರಿಯ ಆದೇಶ ಬೇಕು. ಸಂವಿಧಾನದ 22ನೇ ವಿಧಿ ಹೇಳುವುದೂ ಇದನ್ನೇ. ದಂಡಾಧಿಕಾರಿಯ ಮುಂದೆ ಹಾಜರುಪಡಿಸುವ ಪ್ರಯಾಣದ ಹೊತ್ತನ್ನಷ್ಟೇ ಅದು ಲೆಕ್ಕದಿಂದ ಬಿಡುತ್ತದೆ. ಸಮುದಾಯ ಭವನ ಲಾಕಪ್ ಅಲ್ಲ ಎಂಬ ಸಬೂಬು ನಡೆಯದು. ಬೀಗ ಹಾಕಿದ್ದಾರೋ ಇಲ್ಲವೋ, ಹೊರಗೆ ಬಿಡದಿದ್ದರೆ ಅದು ವಶವೇ.

ಹಾಗಾಗಿ ಬಸ್ಸು ಹತ್ತುವಾಗಲೇ ಯಾರಾದರೂ ಒಬ್ಬರು ಹೊರಗಿರುವ ಗೆಳೆಯರಿಗೆ ಒಂದು ಸಂದೇಶ ಕಳಿಸಬೇಕು: ಎಷ್ಟು ಜನ, ಎಷ್ಟು ಹೊತ್ತಿಗೆ, ಯಾವ ಕಡೆಗೆ. ಸಂದೇಶದಲ್ಲಿ ಬೀಳುವ ಸಮಯವೇ ಸಾಕ್ಷಿ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದ ಜಾಗಗಳೇ ಹೆಚ್ಚು, ಹಾಗಾಗಿ ಒಬ್ಬರು ಚೀಟಿಯಲ್ಲೂ ಬರೆದಿಟ್ಟುಕೊಳ್ಳಲಿ.

ವಶದಲ್ಲಿರುವಾಗ ನಮಗೆ ಏನೇನು ಸಿಗಬೇಕು?

ಯಾಕೆ ಬಂಧಿಸಿದ್ದು ಎಂದು ಹೇಳಬೇಕು. ಕಾರಣವನ್ನು ಬರಹದಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಹೇಳಿದೆ. ಕೊಡಗಿಗೆ ಇದು ತುಂಬಾ ಮುಖ್ಯ. ತೋಟದ ಬಸ್ಸಿನಲ್ಲಿ ಎರವರು, ಜೇನುಕುರುಬರು, ತಮಿಳು ಮಾತಾಡುವವರು, ಅಸ್ಸಾಮಿನಿಂದ ಬಂದವರು ಒಟ್ಟಿಗೆ ಇರುತ್ತಾರೆ. ಕನ್ನಡ ಓದಲು ಬಾರದವರ ಕೈಗೆ ಕನ್ನಡದ ಹಾಳೆ ಕೊಟ್ಟರೆ ಕಾರಣ ತಿಳಿಸಿದಂತೆ ಆಗುವುದಿಲ್ಲ.

ಬಂಧನದ ಮೆಮೊ ಮಾಡಬೇಕು. ಅದಕ್ಕೆ ಮನೆಯವರು ಅಥವಾ ಊರಿನ ಗೌರವಾನ್ವಿತರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತರ ಸಹಿಯೂ ಬೇಕು. ಮನೆಯವರಿಗೋ ನೀವು ಹೇಳಿದವರಿಗೋ ತಕ್ಷಣ ಸುದ್ದಿ ಮುಟ್ಟಿಸಬೇಕು. ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣುವಂತಿರಬೇಕು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು. ವೈದ್ಯರ ತಪಾಸಣೆ ಆಗಬೇಕು, ಪೆಟ್ಟಾಗಿದ್ದರೆ ಅದನ್ನು ಬರೆಸಬೇಕು. ಮೊಬೈಲ್ ತೆಗೆದುಕೊಂಡರೆ ರಸೀದಿ ಕೇಳಿ.

ಮಹಿಳೆಯರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ನ್ಯಾಯಾಂಗ ದಂಡಾಧಿಕಾರಿಯ ಅನುಮತಿ ಪಡೆದು ಮಾಡಬಹುದು. ಮಹಿಳೆಯರ ಮೈ ತಪಾಸಣೆ ಮಹಿಳೆಯೇ ಮಾಡಬೇಕು. ಜೊತೆಯಲ್ಲಿ ಹದಿನೆಂಟು ತುಂಬದ ಮಕ್ಕಳಿದ್ದರೆ ಮೊದಲೇ ಹೇಳಿಬಿಡಿ, ಅವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ.

ಸಂಜೆ "ಇಲ್ಲಿ ಸಹಿ ಹಾಕಿ, ಮನೆಗೆ ಹೋಗಿ" ಎನ್ನುತ್ತಾರೆ. ಹಾಕಬೇಕಾ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ನಮ್ಮಿಂದ ಹೆಚ್ಚು ತಪ್ಪು ಆಗುವುದೂ ಇಲ್ಲೇ. ಒಮ್ಮೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಡಚಿದ ಹಾಳೆಯೊಂದನ್ನು ನನಗೆ ತೋರಿಸಿದರು. ಮುದ್ರಿತ ನಮೂನೆ, ಹೆಸರಿನ ಜಾಗದಲ್ಲಿ ಬಾಲ್‌ಪೆನ್ನಿನ ಬರಹ, ಮೊತ್ತದ ಜಾಗ ಖಾಲಿ, ಕೆಳಗೆ ಅವರ ಹೆಬ್ಬೆಟ್ಟು. "ಮನೆಗೆ ಬಿಡ್ತೀವಿ ಅಂದ್ರು, ಒತ್ತಿದೆ ಮೋನೆ" ಎಂದರು. ಏನಕ್ಕೆ ಒತ್ತಿದ್ದು ಎಂದು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಸಹಿ ಕೇಳುವ ಹಾಳೆ ಸಾಮಾನ್ಯವಾಗಿ ಮೂರರಲ್ಲಿ ಒಂದು. ಮೊದಲನೆಯದು ಬಿಡುಗಡೆಯ ದಾಖಲೆ, ಇಷ್ಟು ಹೊತ್ತಿಗೆ ಬಿಟ್ಟಿದ್ದೇವೆ ಎಂಬುದು. ಸಮಯ ಸರಿ ಇದೆಯೇ ನೋಡಿ ಸಹಿ ಹಾಕಿ. ಸಮಯ ತಪ್ಪಿದ್ದರೆ ಸಹಿಯ ಪಕ್ಕದಲ್ಲೇ ನಿಮ್ಮ ಕೈಯಾರೆ "ಬೆಳಿಗ್ಗೆ 10:20ರಿಂದ ವಶದಲ್ಲಿದ್ದೆ" ಎಂದು ಬರೆಯಿರಿ.

ಎರಡನೆಯದು ಜಾಮೀನಿನ ಮುಚ್ಚಳಿಕೆ. ಇದು ಕೇಳಿದರೆಂದರೆ ಎಫ್‌ಐಆರ್ ಆಗಿದೆ ಎಂದರ್ಥ. ಬರೀ 223ನೇ ಕಲಂ ಆಗಿದ್ದರೆ ಅದು ಜಾಮೀನು ಸಿಗುವ ಅಪರಾಧ, ಠಾಣೆಯಲ್ಲೇ ಜಾಮೀನು ಪಡೆಯುವುದು ನಿಮ್ಮ ಹಕ್ಕು. ಎಫ್‌ಐಆರ್ ನಂಬರು ಬರೆದುಕೊಳ್ಳಿ. ಈ ಕಲಂನಲ್ಲಿ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಬೇಕಾದರೆ ಆಜ್ಞೆ ಹೊರಡಿಸಿದ ಅಧಿಕಾರಿಯ, ಅವರ ಮೇಲಧಿಕಾರಿಯ ಅಥವಾ ಅವರು ಅಧಿಕಾರ ಕೊಟ್ಟ ಬೇರೊಬ್ಬ ಅಧಿಕಾರಿಯ ಲಿಖಿತ ದೂರು ಬೇಕು. ಬರೀ ಪೊಲೀಸ್ ವರದಿ ಸಾಲದು ಎಂಬುದನ್ನು ನಿಮ್ಮ ವಕೀಲರಿಗೆ ನೆನಪಿಸಿ.

ಮೂರನೆಯದೇ ಗಟ್ಟಿ ವಿಷಯ, 126ರ ಶಾಂತಿ ಪಾಲನೆಯ ಮುಚ್ಚಳಿಕೆ. "ಮುಂದೆ ಒಂದು ವರ್ಷ ಶಾಂತಿ ಕಾಪಾಡುತ್ತೇನೆ, ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆ" ಎಂಬ ಒಪ್ಪಂದ ಅದು. ಇದನ್ನು ಬರೆಸಿಕೊಳ್ಳುವ ಅಧಿಕಾರ ಠಾಣೆಗೆ ಇಲ್ಲ, ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾತ್ರ. ನಮ್ಮಲ್ಲಿ ಬಹುತೇಕ ತಹಶೀಲ್ದಾರರೇ ಆ ಸ್ಥಾನದಲ್ಲಿ ಕೂರುತ್ತಾರೆ. ಅವರೂ ನೇರ ಸಹಿ ಕೇಳುವಂತಿಲ್ಲ. ಮೊದಲು 130ರಡಿ ಲಿಖಿತ ಆದೇಶ ಆಗಬೇಕು. ನಿಮ್ಮ ಮೇಲೆ ಬಂದ ಮಾಹಿತಿಯ ಸಾರ, ಮುಚ್ಚಳಿಕೆಯ ಮೊತ್ತ, ಅವಧಿ, ಎಷ್ಟು ಜಾಮೀನುದಾರರು ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ನಿಮಗೆ ಓದಿ ಹೇಳಬೇಕು. ಆಮೇಲೆ ವಿಚಾರಣೆ, ಅಲ್ಲಿ ನಿಮ್ಮ ಸಾಕ್ಷಿಗೂ ಅವಕಾಶ. ವಿಚಾರಣೆ ಮುಗಿಯುವ ಮೊದಲೇ ತುರ್ತಾಗಿ ಮಧ್ಯಂತರ ಮುಚ್ಚಳಿಕೆ ಕೇಳಬಹುದು, ಆದರೆ ವಿಚಾರಣೆ ಶುರುವಾಗಿರಲೇಬೇಕು ಮತ್ತು ಕಾರಣ ಬರೆದಿರಬೇಕು. 1970ರಲ್ಲಿ ಮಧು ಲಿಮಯೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು, ಇವತ್ತಿಗೂ ಅದೇ ಕಾನೂನು. ಮೊತ್ತ ವಿಪರೀತ ಇರಬಾರದು ಎಂದೂ ಸಂಹಿತೆಯಲ್ಲಿದೆ. ದಿನಗೂಲಿಯವರಿಗೆ ಲಕ್ಷ ರೂಪಾಯಿ ಮುಚ್ಚಳಿಕೆ ಹಾಕಿದರೆ ಅದನ್ನು ಸೆಷನ್ಸ್ ಕೋರ್ಟಿನಲ್ಲಿ ಪ್ರಶ್ನಿಸಬಹುದು.

ನಮ್ಮ ಮೂವತ್ತೆರಡು ಜನರಿಗೆ ಸಂಜೆ 5:30ಕ್ಕೆ ಠಾಣೆಯ ಸಿಬ್ಬಂದಿ ಈ ಮೂರನೇ ಬಗೆಯ ಖಾಲಿ ನಮೂನೆ ಕೊಟ್ಟರು ಎಂದುಕೊಳ್ಳಿ. ಅವರು ಹೇಳಬೇಕಾದದ್ದು ಇಷ್ಟು: "ಸಾರ್, ಇದು ದಂಡಾಧಿಕಾರಿಗಳ ಮುಂದೆ ಆಗಬೇಕಾದ್ದು. 130ರ ಆದೇಶದ ಪ್ರತಿ ಕೊಡಿ, ಓದಿ ಹೇಳಿ, ಆಮೇಲೆ ನೋಡೋಣ." ಜಗಳ ಬೇಡ, ಸ್ವರ ಎತ್ತುವುದೂ ಬೇಡ. ಎಷ್ಟೇ ಕೇಳಿದರೂ ಬಿಡುವ ಲಕ್ಷಣ ಇಲ್ಲ, ಮನೆಯಲ್ಲಿ ಎಳೆ ಮಗು ಕಾಯುತ್ತಿದೆ ಎನ್ನುವವರು ಸಹಿ ಹಾಕಿದರೆ ನಾನು ತಪ್ಪು ಎನ್ನಲಾರೆ. ಆದರೆ ಖಾಲಿ ಜಾಗಗಳಿಗೆಲ್ಲ ಅಡ್ಡಗೆರೆ ಎಳೆಯಿರಿ, ಹಾಳೆಯ ಫೋಟೋ ಅಥವಾ ಪ್ರತಿ ಕೇಳಿ, ಮರುದಿನವೇ ನಡೆದದ್ದನ್ನು ಬರೆದು ಎಸ್‌ಪಿ ಕಚೇರಿಗೂ ತಹಶೀಲ್ದಾರರಿಗೂ ಅಂಚೆಯಲ್ಲಿ ಕಳಿಸಿ.

ವಕೀಲರಿಗೆ ಕೊಡಲು ದುಡ್ಡಿಲ್ಲ.

15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಯ ಸಹಾಯವಾಣಿ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ವಶದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರು ಸಿಗಬೇಕು.

24 ಗಂಟೆ ದಾಟಿತು, ಎಲ್ಲಿಟ್ಟಿದ್ದಾರೆ ಎಂದೂ ಹೇಳುತ್ತಿಲ್ಲ. ಏನು ಮಾಡುವುದು?

ಮೊದಲು ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕೇಳಿ. ಬಂಧಿತರ ಮಾಹಿತಿ ಇಟ್ಟುಕೊಳ್ಳುವ ಅಧಿಕಾರಿ ಇರಬೇಕು ಎಂದು 37ನೇ ಕಲಂ ಹೇಳುತ್ತದೆ. ಅಲ್ಲೂ ಆಗದಿದ್ದರೆ, ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿನಲ್ಲಿ ಹಾಕಬಹುದು. ಆದರೆ ಇಲ್ಲಿಂದ ಬೆಂಗಳೂರು ಹತ್ತಿರವಲ್ಲ. ನಮ್ಮ ಊರಿನ ಕೋರ್ಟಿನಲ್ಲೇ ಒಂದು ದಾರಿ ಇದೆ, ಕಡಿಮೆ ಜನರಿಗೆ ಗೊತ್ತು. ಸಂಹಿತೆಯ 100ನೇ ಕಲಂನಲ್ಲಿ, ಯಾರನ್ನಾದರೂ ಅಕ್ರಮವಾಗಿ ಕೂಡಿಹಾಕಿದ್ದಾರೆ ಎಂದು ನಂಬಲು ಕಾರಣ ಇದ್ದರೆ ಪ್ರಥಮ ದರ್ಜೆ ದಂಡಾಧಿಕಾರಿ ಶೋಧನಾ ವಾರಂಟ್ ಹೊರಡಿಸಬಹುದು. ಬಸ್ಸು ಹತ್ತಿದಾಗ ಕಳಿಸಿದ ಆ ಸಂದೇಶ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಮೇಲೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು, ಘಟನೆ ನಡೆದು ಒಂದು ವರ್ಷದೊಳಗೆ.

ಗೂಂಡಾ ಕಾಯ್ದೆಯೂ ಇದೇನಾ?

ಅಲ್ಲ. ಅದು 1985ರ ಬೇರೆ ಕಾನೂನು. ತಿಂಗಳುಗಟ್ಟಲೆ ಇಡುವ ಅಧಿಕಾರ ಅದರಲ್ಲಿದೆ, ಸಲಹಾ ಮಂಡಳಿ ಇದೆ, 24 ಗಂಟೆಯ ಲೆಕ್ಕ ಅಲ್ಲಿಲ್ಲ. ಆ ಹೆಸರು ಕೇಳಿದರೆ ತಡಮಾಡದೆ ವಕೀಲರನ್ನು ಕಾಣಿ.

ಮಗ ಸೇನೆಗೆ ಸೇರಬೇಕು ಅಂತಿದ್ದಾನೆ. ಪ್ರತಿಭಟನೆಗೆ ಹೋಗಿ ಒಂದು ದಿನ ವಶದಲ್ಲಿದ್ದ. ತೊಂದರೆ ಆಗುತ್ತದಾ?

ಕೊಡಗಿನ ಮನೆಗಳಲ್ಲಿ ಈ ಭಯ ಸಹಜ. 170ರಡಿ ವಶಕ್ಕೆ ಪಡೆದು ಬಿಟ್ಟರೆ ಅದು ಅಪರಾಧದ ಆರೋಪವೂ ಅಲ್ಲ, ಶಿಕ್ಷೆಯೂ ಅಲ್ಲ. ಎಫ್‌ಐಆರ್ ಆಗಿದ್ದರೆ ಪೊಲೀಸ್ ಪರಿಶೀಲನೆಯಲ್ಲಿ ಕಾಣುತ್ತದೆ, ಅದು ಮುಗಿದ ದಾಖಲೆಯ ಪ್ರತಿ ಇಟ್ಟುಕೊಳ್ಳಬೇಕು. ಕೇಂದ್ರ ಸರ್ಕಾರದ ಕೆಲಸಗಳಿಗೆ ತುಂಬುವ ದೃಢೀಕರಣ ನಮೂನೆಯಲ್ಲಿ ಬಂಧನಕ್ಕೆ ಒಳಗಾಗಿದ್ದೀರಾ, ವಶದಲ್ಲಿದ್ದೀರಾ, ಮುಚ್ಚಳಿಕೆಗೆ ಒಳಪಟ್ಟಿದ್ದೀರಾ ಎಂದು ಬೇರೆ ಬೇರೆಯಾಗಿ ಕೇಳುತ್ತಾರೆ. ಅಲ್ಲಿ "ಇಲ್ಲ" ಎಂದು ಬರೆದು ಆಮೇಲೆ ಸಿಕ್ಕಿಬಿದ್ದರೆ ಕೆಲಸ ಹೋಗುವುದು ಮುಚ್ಚಿಟ್ಟ ಕಾರಣಕ್ಕೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದ್ದು ಮಾಹಿತಿ ನಿಜವಾಗಿರಬೇಕು ಎಂಬುದನ್ನೇ. ದಿನಾಂಕ, ಠಾಣೆ, ಕಲಂ, ಬಿಟ್ಟ ಹೊತ್ತು ಇಷ್ಟನ್ನೂ ಇದ್ದದ್ದು ಇದ್ದ ಹಾಗೆ ಬರೆಯಲಿ. ಅದಕ್ಕಾಗಿಯೇ ಬಿಡುಗಡೆಯ ದಾಖಲೆಯ ಪ್ರತಿಯನ್ನು ಅವನ ಅಂಕಪಟ್ಟಿಗಳ ಜೊತೆ ಅದೇ ಫೈಲಿನಲ್ಲಿ ಇಡಿ.